ಸತ್ಯಾಂಶ: ಲಿಫ್ಟ್ ಖರ್ಚು ಯಾರ ಪಾಲು?

“ನೆಲಮಹಡಿಯವರು ಲಿಫ್ಟ್ ಖರ್ಚು ಕೊಡಬೇಕಿಲ್ಲ, ಎಲ್ಲರಿಗೂ ತಿಳಿಸಿ.”

ಡೊಂಬಿವಲಿಯ ಹೌಸಿಂಗ್ ಸೊಸೈಟಿಯೊಂದರ ಸಭೆಯಲ್ಲಿ ಅಧ್ಯಕ್ಷೆ ಕೊಟ್ಟ ಉತ್ತರ:

ಸದಸ್ಯರೇ, ಇದು ತಪ್ಪು. ಮಹಾರಾಷ್ಟ್ರದ ಮಾದರಿ ಉಪವಿಧಿಯ ಪ್ರಕಾರ, ಬಳಸಲಿ ಬಿಡಲಿ, ಲಿಫ್ಟ್ ಇರುವ ಕಟ್ಟಡದ ಸದಸ್ಯರೆಲ್ಲರೂ ಅದರ ಖರ್ಚನ್ನು ಸಮಪಾಲಾಗಿ ಕೊಡಬೇಕು. ಲಿಫ್ಟೇ ಇಲ್ಲದ ಕಟ್ಟಡದವರಿಗೆ ಈ ಹೊರೆಯಿಲ್ಲ.

ನಮ್ಮದು 20 ಮನೆ. ವರ್ಷಕ್ಕೆ ಲಿಫ್ಟ್ ಖರ್ಚು 48,000 ರೂಪಾಯಿ ಎಂದುಕೊಳ್ಳಿ. ತಿಂಗಳಿಗೆ ಮನೆಗೆ 200. ನೆಲಮಹಡಿಯ ನಾಲ್ವರು ಹಿಂದೆ ಸರಿದರೆ ಉಳಿದವರಿಗೆ 250. ಆಗ ಅವರೂ ಹೇಳಬಹುದಲ್ಲ, ‘ಚರಂಡಿ ಕಟ್ಟಿಕೊಂಡರೆ ತೊಂದರೆ ನಿಮಗೇ, ರಿಪೇರಿ ನೀವೇ ಮಾಡಿಸಿಕೊಳ್ಳಿ’ ಅಂತ? 40,000ದ ಆ ಕೆಲಸ ನಾಲ್ವರಿಗೇ ಬಿದ್ದರೆ ತಲಾ 10,000, ಎಲ್ಲರೂ ಸೇರಿದರೆ 2,000. ತಾರಸಿ ಸೋರಿಕೆಗೂ ಇದೇ ಲೆಕ್ಕ.

ಎಲ್ಲವೂ ಸಮಪಾಲಲ್ಲ, ಅದನ್ನೂ ಹೇಳಲೇಬೇಕು: ನೀರಿನ ಶುಲ್ಕ ಮನೆಯ ನಲ್ಲಿಗಳ ಲೆಕ್ಕದಲ್ಲಿ ಬರುತ್ತದೆ.