ಸಾಹುಕಾರ್ರ ತೋಟಕ್ಕೆ ಬೇರೆ ಆಕಾಶ

ಕೊಡಗಿನ ತೋಟಗಳಲ್ಲಿ ಮಳೆಯನ್ನು ಮಿಲಿಮೀಟರಿನಲ್ಲಿ ಹೇಳಿದರೆ ಯಾರಿಗೂ ಸಮಾಧಾನ ಇಲ್ಲ. ಇಂಚು, ಸೆಂಟು ಬೇಕು. ನೂರು ಸೆಂಟಿಗೆ ಒಂದು ಇಂಚು. ಪಕ್ಕದ ತೋಟಕ್ಕಿಂತ ಹತ್ತು ಸೆಂಟು ಜಾಸ್ತಿ ಬಿದ್ದರೂ ಅದು ಮನೆತನದ ಮರ್ಯಾದೆ.

ನಾನು ಲೆಕ್ಕ ಬರೆಯುವ ಕಾಫಿ ತೋಟದಲ್ಲಿ ರೈಟರ್ ದಿನಾ ಬೆಳಿಗ್ಗೆ ಮಳೆ ಅಳೆದು ಪುಸ್ತಕದಲ್ಲಿ ಗುರುತು ಹಾಕುತ್ತಾರೆ. ಸೋಮವಾರ ಆ ಲೆಕ್ಕವನ್ನೆಲ್ಲ ತೋಟದ ವೆಬ್‌ಸೈಟಿಗೆ ಏರಿಸಬೇಕು. ಮೂರು ಡಿವಿಜನ್, ಏಳು ದಿನ. ತಾರೀಖು ಆರಿಸು, ಇಂಚು ಹಾಕು, ಸೆಂಟು ಹಾಕು, ಸೇವ್ ಒತ್ತು, ಕಾಯಿ. ಹೀಗೆ 21 ಸಲ. ಬೆಂಗಳೂರಿನಲ್ಲಿರುವ ಸಾಹುಕಾರ್ರು ಅದನ್ನು ನೋಡಿ ಖುಷಿಪಡುತ್ತಾರೆ.

ರೈಟರಿಗೆ ಬೇಜಾರಾಯಿತು. ಎಂಜಿನಿಯರಿಂಗ್ ಓದುವ ಮಗನಿಂದ ಪೈಥಾನ್ ಕಲಿತು ಒಂದು ಸಣ್ಣ ಪ್ರೋಗ್ರಾಂ ಬರೆದರು. ಎಕ್ಸೆಲ್‌ನಿಂದ ಒಂದೊಂದೇ ಸಾಲು ಓದುತ್ತದೆ, ಫಾರಂ ತುಂಬುತ್ತದೆ, ಸೇವ್ ಒತ್ತುತ್ತದೆ. ನಮ್ಮೂರ ನೆಟ್‌ವರ್ಕ್ ಗೊತ್ತಲ್ವಾ? ಅದಕ್ಕೂ ಏರ್ಪಾಡು ಮಾಡಿದ್ದರು: ಅರ್ಧ ನಿಮಿಷದಲ್ಲಿ ಉತ್ತರ ಬಾರದಿದ್ದರೆ ಅದೇ ಸಾಲನ್ನು ಮತ್ತೆ ಕಳಿಸು. "ಇನ್ನು ಸೋಮವಾರ ಕಾಫಿ ಕುಡಿಯೋದೇ ಕೆಲಸ" ಅಂದರು.

ಬೇಸಿಗೆಯಲ್ಲಿ ಎಲ್ಲ ಚೆನ್ನಾಗಿತ್ತು. ಜೋರು ಮಳೆಯ ಕಕ್ಕಡ ತಿಂಗಳು ಬಂತು. ಸಾಹುಕಾರ್ರ ಫೋನ್ ಬಂತು: "ಏನ್ರೀ, ಗುರುವಾರ ಹತ್ತು ಇಂಚು ಇಪ್ಪತ್ತು ಸೆಂಟಾ? ಕಾಯಿ ಉದುರಿದೆಯಾ? ಚರಂಡಿ ಬಿಡಿಸಿದ್ರಾ?" ಅಷ್ಟಕ್ಕೇ ಬಿಡಲಿಲ್ಲ, ಒಂದು ಲೋಡ್ ಟಾರ್ಪಾಲು ಕಳಿಸಿದರು. ಪಕ್ಕದ ತೋಟದವರು ನಮ್ಮ ಆಫೀಸಿಗೇ ಬಂದು, "ನಿಮಗೆ ಬೇರೆ ಆಕಾಶವಾ?" ಎಂದು ಕೇಳಿದರು.

ಪುಸ್ತಕ ತೆಗೆದು ನೋಡಿದೆ. ಗುರುವಾರ 3 ಇಂಚು 40 ಸೆಂಟು. ಸರಿಯಾಗಿ ಮೂರು ಪಟ್ಟು! ಅಳತೆ ತಪ್ಪಿದ್ದರೆ ಇಷ್ಟು ನಾಜೂಕಾಗಿ ತಪ್ಪುವುದಿಲ್ಲ. ವೆಬ್‌ಸೈಟಿನಲ್ಲಿ ಅದೇ ತಾರೀಖು, ಅದೇ ಡಿವಿಜನ್, ಅದೇ ಅಂಕಿ ಮೂರು ಸಾಲು ಕೂತಿತ್ತು. ಒಟ್ಟು ಮಳೆ ತೋರಿಸುವಾಗ ವೆಬ್‌ಸೈಟು ಮೂರನ್ನೂ ಕೂಡಿಸಿತ್ತು.

ಆದದ್ದು ಇಷ್ಟೇ. ಮೊದಲ ಸಲವೇ ಲೆಕ್ಕ ಅಲ್ಲಿಗೆ ಮುಟ್ಟಿತ್ತು, ಸೇವ್ ಕೂಡ ಆಗಿತ್ತು. 'ಆಯಿತು' ಅನ್ನುವ ಉತ್ತರ ಮಾತ್ರ ವಾಪಸ್ ಬರುವಾಗ ನೆಟ್‌ವರ್ಕ್ ಹೋಯಿತು. ಹೋಗುವಾಗ ಕಳೆಯಿತೋ ಬರುವಾಗ ಕಳೆಯಿತೋ ಪ್ರೋಗ್ರಾಮಿಗೆ ಹೇಗೆ ತಿಳಿಯಬೇಕು? ಮತ್ತೆ ಕಳಿಸಿತು. ಆಗಲೂ ಉತ್ತರ ಬರಲಿಲ್ಲ, ಮೂರನೇ ಸಲ ಕಳಿಸಿತು. ಕೈಯಲ್ಲಿ ಮಾಡುವಾಗ ರೈಟರ್ ಪುಟ ತೆರೆದು, "ಓ, ಆಗಿದೆ" ಎಂದು ಮುಂದೆ ಹೋಗುತ್ತಿದ್ದರು. ಆ ಒಂದು ನೋಟವನ್ನು ಪ್ರೋಗ್ರಾಮಿಗೆ ಯಾರೂ ಕಲಿಸಿರಲಿಲ್ಲ. ಹಾಗಾಗಿ ಸೋಮವಾರ ಮಳೆ ಜೋರಾದಷ್ಟೂ ನೆಟ್‌ವರ್ಕ್ ಹೋಗುತ್ತಿತ್ತು, ನೆಟ್‌ವರ್ಕ್ ಹೋದಷ್ಟೂ ನಮ್ಮ ತೋಟದಲ್ಲಿ ಮಳೆ ಜಾಸ್ತಿ ಆಗುತ್ತಿತ್ತು.

ಈಗ ಮತ್ತೆ ಕಳಿಸುವ ಮೊದಲು ಆ ತಾರೀಖು, ಆ ಡಿವಿಜನ್ ಆಗಲೇ ಇದೆಯಾ ಎಂದು ಪ್ರೋಗ್ರಾಂ ನೋಡುತ್ತದೆ. ಹಳೆಯ ಸಾಲುಗಳನ್ನು ಅಳಿಸಲು ಸಾಹುಕಾರ್ರ ಒಪ್ಪಿಗೆ ಕೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಅಳಿಸಿ. ಆದ್ರೆ ಈ ಶನಿವಾರ ಕ್ಲಬ್ಬಿನ ಊಟ ಮುಗೀಲಿ" ಅಂದರು.