ಇಡ್ಲಿ ಹಿಟ್ಟು ಉಬ್ಬಲಿಲ್ಲ. ಸರಿ, ಆಮೇಲೆ?

ಏನಾದರೂ ಮಾಡುವ ವಿಧಾನ ಹೇಳಿಕೊಡುವಾಗ ಕತೆಯ ಹಾಗೆ ಬರೆಯಿರಿ ಅಂತ ಎಲ್ಲರೂ ಹೇಳುತ್ತಾರೆ. ಮೊದಲು ಸಮಸ್ಯೆ, ಆಮೇಲೆ ತಿರುವು, ಕೊನೆಗೆ ಓದಿದವರ ಕೈಗೆ ಒಂದು ಉಪಾಯ. ಒಪ್ಪಿದೆ. ಆದರೆ ಹೆಚ್ಚಿನವರು ಸಮಸ್ಯೆ ಹೇಳಿಕೊಳ್ಳುವುದಕ್ಕೇ ಎರಡು ಪ್ಯಾರಾ ಖರ್ಚು ಮಾಡಿ, ತಿರುವನ್ನು ಒಂದೇ ಸಾಲಲ್ಲಿ ಮುಗಿಸಿಬಿಡುತ್ತಾರೆ. ನನ್ನ ತಕರಾರು ಅಲ್ಲೇ.

ನಮ್ಮ ಅತ್ತಿಗೆ ಚಳಿಗಾಲದ ಇಡ್ಲಿ ಹಿಟ್ಟಿನ ಬಗ್ಗೆ ಬರೆದು ತೋರಿಸಿದರು. ಮೊದಲ ಸಾಲು, "ಡಿಸೆಂಬರ್‌ನಲ್ಲಿ ಬೆಂಗಳೂರಲ್ಲಿ ಇಡ್ಲಿ ಮಾಡೋದು ದೊಡ್ಡ ತಲೆನೋವು." ಇದು ಬರೀ ಗೊಣಗಾಟ ಅಲ್ವಾ? ಬೆಳಗ್ಗೆ ಮುಚ್ಚಳ ತೆಗೆದಾಗ ಕಂಡಿದ್ದನ್ನು ಬರೀರಿ ಅತ್ತಿಗೆ ಅಂದೆ. "ರಾತ್ರಿ ಎಲ್ಲಿವರೆಗೆ ಇತ್ತೋ ಹಿಟ್ಟು ಅಲ್ಲೇ ಇತ್ತು. ಗುಳ್ಳೆ ಇಲ್ಲ, ಹುಳಿ ವಾಸನೆನೂ ಇಲ್ಲ" ಅಂತ ತಿದ್ದಿದರು. ತಮ್ಮ ಮನೆಯಲ್ಲಿ ಆಗಿರುವುದೂ ಇದೇನಾ ಅಂತ ಓದುವವರಿಗೆ ಈಗ ತಕ್ಷಣ ಗೊತ್ತಾಗುತ್ತದೆ.

ಮುಂದಿನ ಸಾಲು, "ಆಮೇಲೆ ಬೆಚ್ಚಗೆ ಇಡಬೇಕು ಅಂತ ತಿಳೀತು." ಹೇಗೆ ತಿಳೀತು? ಉದ್ದು ಹಳೆಯದಿರಬಹುದು. ಮಿಕ್ಸಿಯಲ್ಲಿ ರುಬ್ಬುವಾಗ ಹಿಟ್ಟು ಬಿಸಿಯಾಗಿರಬಹುದು. ಕೆಣಕಿ ಕೇಳಿದ ಮೇಲೆ ನಿಜವಾದ ಕತೆ ಹೊರಗೆ ಬಂತು. ಒಂದೇ ಹಿಟ್ಟನ್ನು ಎರಡು ಡಬ್ಬಿಗೆ ಹಾಕಿ, ಒಂದನ್ನು ಅಡುಗೆಮನೆ ಕಟ್ಟೆ ಮೇಲೆ ಬಿಟ್ಟಿದ್ದರು. ಇನ್ನೊಂದನ್ನು ಓವನ್ ಒಳಗಿಟ್ಟು ಅದರ ದೀಪ ಮಾತ್ರ ಉರಿಸಿದ್ದರು. ಬೆಳಗ್ಗೆ ಓವನ್‌ನಲ್ಲಿದ್ದದ್ದು ಉಬ್ಬಿ ಮುಚ್ಚಳಕ್ಕೆ ತಾಗಿತ್ತು, ಕಟ್ಟೆ ಮೇಲಿನದು ಹಾಗೇ ಕೂತಿತ್ತು. ಅದೇ ಅಕ್ಕಿ, ಅದೇ ಉದ್ದು, ಅದೇ ಉಪ್ಪು. ಹಾಗಾಗಿ ತಪ್ಪು ಹಿಟ್ಟಿನದಲ್ಲ, ಚಳಿಯದು. ಇಂಥ ಚಿನ್ನದಂಥ ಭಾಗವನ್ನೇ ಅವರು ಬಿಟ್ಟಿದ್ದರು!

ತಿರುವು ಅಂದರೆ ಇದು. ಬೇರೆ ಅನುಮಾನಗಳು ಓದುಗರ ಕಣ್ಣೆದುರಿಗೇ ಬಿದ್ದುಹೋಗಬೇಕು. ಆಗ "28ರಿಂದ 32 ಡಿಗ್ರಿ ಬಿಸಿಯಲ್ಲಿ ಹಿಟ್ಟು ಚೆನ್ನಾಗಿ ಹುದುಗುತ್ತದೆ" ಅಂದರೆ ಸುಮ್ನೆ ನಂಬುವ ಪ್ರಶ್ನೆ ಬರುವುದಿಲ್ಲ.

ಕೊನೆಯ ಉಪಾಯಕ್ಕೆ ಎಲ್ಲೆಯೂ ಇರಬೇಕು. ಅತ್ತಿಗೆ "ಓವನ್ ದೀಪ ಹಾಕಿಡಿ" ಅಂತ ನಿಲ್ಲಿಸಿದ್ದರು. ಆ ದೀಪ ಎಲ್‌ಇಡಿ ಆಗಿದ್ದರೆ ಬಿಸಿ ಸಾಲುವುದಿಲ್ಲ. ಓವನ್ನೇ ಇಲ್ಲದವರು ಮುಚ್ಚಿದ ಡಬ್ಬದಲ್ಲಿ ಹಿಟ್ಟಿನ ಪಾತ್ರೆಯ ಪಕ್ಕ ಬಿಸಿನೀರಿನ ಚೊಂಬು ಇಡಬಹುದು. ಏಪ್ರಿಲ್‌ನಲ್ಲಿ ಇದನ್ನೇ ಮಾಡಿದರೆ ಹಿಟ್ಟು ಹುಳಿಯೇರುತ್ತದೆ. ಬೆಚ್ಚಗಿಟ್ಟರೂ ಉಬ್ಬದಿದ್ದರೆ ಆಗ ಉದ್ದನ್ನು ಅನುಮಾನಿಸಿ. ಇಷ್ಟೂ ಸೇರಿತು.

ಅಳತೆಯನ್ನು ಮಾತ್ರ ಕತೆಯಿಂದ ಎತ್ತಿ ಕೆಳಗೆ ಬೇರೆ ಹಾಕಿಸಿದೆ. ನಾಲ್ಕು ಲೋಟ ಇಡ್ಲಿ ಅಕ್ಕಿ, ಒಂದು ಲೋಟ ಉದ್ದು, ಪಾತ್ರೆಯಲ್ಲಿ ಅರ್ಧ ಜಾಗ ಖಾಲಿ. ಒದ್ದೆ ಕೈಯಲ್ಲಿ ಫೋನ್ ಹಿಡಿದವರಿಗೆ ಕತೆಯೊಳಗೆ ಲೋಟ ಹುಡುಕುವ ಪುರುಸೊತ್ತು ಇರುವುದಿಲ್ಲ.