ಮುಟ್ಟು ನಿಂತ ಮೇಲೆ ರಕ್ತ ಕಂಡರೆ: ಸತ್ಯಾಂಶ

ಜನರ ನಡುವೆ ಹರಿದಾಡುವ ಒಂದು ಸಂದೇಶ ಹೀಗಿದೆ: "ಮುಟ್ಟು ನಿಂತ ಮೇಲೆ ಒಂದೆರಡು ಹನಿ ರಕ್ತ ಕಂಡರೆ ಅದು ಉಷ್ಣ, ಎಳನೀರು ಕುಡಿಯಿರಿ."

ಇದು ಸರಿಯಲ್ಲ. ಹನ್ನೆರಡು ತಿಂಗಳು ಮುಟ್ಟಾಗದೆ ನಂತರ ಕಾಣುವ ರಕ್ತ ಒಂದೇ ಕಲೆಯಾದರೂ, ನೋವಿಲ್ಲದಿದ್ದರೂ ವೈದ್ಯರಿಗೆ ತೋರಿಸಬೇಕು. ಬಹುಪಾಲು ಮಹಿಳೆಯರಲ್ಲಿ ಇದಕ್ಕೆ ಕಾರಣ ಗರ್ಭಕೋಶದ ಒಳಪದರ ತೆಳುವಾಗಿರುವುದು ಅಥವಾ ಅಲ್ಲಿ ಬೆಳೆಯುವ ಪಾಲಿಪ್ ಎಂಬ ಸಣ್ಣ ಗಡ್ಡೆ. ಆದರೆ ಸುಮಾರು ಹತ್ತರಲ್ಲಿ ಒಬ್ಬರಿಗೆ ಕಾರಣ ಆ ಒಳಪದರದ ಕ್ಯಾನ್ಸರ್. ಬೇಗ ಪತ್ತೆಯಾದರೆ ಹೆಚ್ಚಿನವರು ಗುಣವಾಗುತ್ತಾರೆ. ಎಳನೀರು ಕುಡಿದ ಮರುದಿನ ರಕ್ತ ನಿಲ್ಲಲೂಬಹುದು; ಇಂಥ ಸ್ರಾವ ತಾನಾಗಿ ಬಂದು ಹೋಗುತ್ತದೆ, ಕಾರಣ ಮಾತ್ರ ಒಳಗೇ ಉಳಿದಿರುತ್ತದೆ. ಸಂದೇಶವನ್ನು ಜನ ನಂಬುವುದು ಇದರಿಂದಲೇ.

ಜಯನಗರದ 58 ವರ್ಷದ ಗೃಹಿಣಿಯೊಬ್ಬರಿಗೆ ಹೀಗೆ ರಕ್ತ ಕಂಡಿತು ಎಂದುಕೊಳ್ಳೋಣ. ವೈದ್ಯರು ಮೊದಲು ಯೋನಿ, ಗರ್ಭಕೊರಳನ್ನು ನೋಡಿ, ನಂತರ ಯೋನಿಯ ಮೂಲಕ ಸ್ಕ್ಯಾನ್ ಮಾಡಿಸುತ್ತಾರೆ. ಒಳಪದರ 4 ಮಿ.ಮೀ. ಮೀರದಿದ್ದರೆ ಕ್ಯಾನ್ಸರ್ ಸಾಧ್ಯತೆ ಬಹಳ ಕಡಿಮೆ. ಇವರಿಗೆ 9 ಮಿ.ಮೀ. ಇದೆ, ಸಪೂರ ನಳಿಕೆಯಿಂದ ಪದರದ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ತೆಳುವಾಗಿದ್ದರೂ ಮತ್ತೆ ರಕ್ತ ಕಂಡರೆ ಬಯಾಪ್ಸಿ ಬೇಕು.



ಇಂಥ ಸಂದೇಶ ಬಂದಾಗ ಒಂದನ್ನು ನೋಡಿ: ಕಾರಣ ಯಾವ ಪರೀಕ್ಷೆಯಿಂದ ತಿಳಿಯಿತು ಎಂದು ಅದರಲ್ಲಿದೆಯೇ? ಇಲ್ಲದಿದ್ದರೆ ಅದನ್ನೇ ಹತ್ತಿರದ ಸ್ತ್ರೀರೋಗ ತಜ್ಞರಿಗೆ ತೋರಿಸಿ ಕೇಳಿ.